ಬಾಡಿಗೆದಾರರು ನಾಯಿ ಸಾಕೋಕೆ ಅನುಮತಿ ಕೇಳಿದ್ದಾರೆ: ಷರತ್ತು ಹಾಕಿ, ಬೇಜಾರಾಗದ ಹಾಗೆ ಉತ್ತರ ಬರೆಯೋದು ಹೇಗೆ?

ಹಾಸನದ_ಮಾಲೀಕ
ಬೆಂಗಳೂರಿನ ವಿಜಯನಗರದಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ, ಮೂರನೇ ಮಹಡಿ. ಐದು ತಿಂಗಳಿಂದ ಒಂದು ದಂಪತಿ ಬಾಡಿಗೆಗಿದ್ದಾರೆ. 11 ತಿಂಗಳ ಕರಾರು, ಅದರಲ್ಲಿ ಸಾಕುಪ್ರಾಣಿ ಬಗ್ಗೆ ಒಂದಕ್ಷರ ಇಲ್ಲ. ನಿನ್ನೆ ಆ ಹುಡುಗಿ ವಾಟ್ಸಾಪ್ ಮಾಡಿದ್ದಾಳೆ: "ಅಂಕಲ್, ಎರಡು ವರ್ಷದ ಒಂದು ನಾಟಿ ನಾಯಿ ದತ್ತು ತಗೋಬೇಕು ಅಂತಿದೀವಿ. ಹೆಣ್ಣು, ಆಪರೇಷನ್ ಆಗಿದೆ, 15 ಕೆಜಿ. ಹೆಸರು ಚುಕ್ಕಿ. ನಿಮ್ಮ ಪರ್ಮಿಷನ್ ಬೇಕಿತ್ತು." ತರೋದಕ್ಕೆ ಮುಂಚೆ ಕೇಳಿದ್ದಾಳೆ, ಅದೇ ನನಗೆ ಇಷ್ಟ ಆಯ್ತು. ಒಪ್ಪಬೇಕು ಅಂತಲೇ ಇದೀನಿ.

ಹಾಲ್‌ಗೆ, ಒಂದು ರೂಮಿಗೆ ಟೈಲ್ಸ್ ಇದೆ. ದೊಡ್ಡ ಬೆಡ್‌ರೂಮಿಗೆ ಮರದ ಲ್ಯಾಮಿನೇಟ್, ಹಾಕಿಸಿ ಐದು ವರ್ಷ. ನಾನು ಬರೆದಿರೋದು ಇಷ್ಟು:

"ನಾಯಿ ಸಾಕಲು ನಮ್ಮ ಅಭ್ಯಂತರವಿಲ್ಲ. ಆದರೆ ಅಕ್ಕಪಕ್ಕದವರಿಗೆ ತೊಂದರೆಯಾಗಬಾರದು. ಮನೆ ಹಾಳಾಗಬಾರದು. ದೂರು ಬಂದರೆ ತಕ್ಷಣ ನಾಯಿಯನ್ನು ತೆಗೆಯಬೇಕು. 20,000 ಹೆಚ್ಚುವರಿ ಡೆಪಾಸಿಟ್ ಕೊಡಬೇಕು."

ಹೆಂಡತಿ ಓದಿ "ಒಪ್ಪಿಗೆ ಕೊಟ್ಟ ಹಾಗಿಲ್ಲ, ಬೈದ ಹಾಗಿದೆ" ಅಂದಳು. ತಿದ್ದಿಕೊಡಿ.

ರಾಗಿಮುದ್ದೆ
ಕೇಳೋಕೇ ಹೋಗಬೇಡಿ ಸಾರ್. ನಾಯಿ ತಂದುಬಿಡಿ. ಮಾಲೀಕರು ಏನೂ ಮಾಡೋಕಾಗಲ್ಲ, ಕಾನೂನು ನಿಮ್ಮ ಪರ ಇದೆ.

ಹಾಸನದ_ಮಾಲೀಕ
ಮಾಲೀಕ ನಾನೇ ಸ್ವಾಮಿ 🙏

ರಾಗಿಮುದ್ದೆ
ಓ, ಸಾರಿ. ಹಾಗಾದ್ರೂ ಮಾತು ಅದೇ. ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿ ಪ್ರಕಾರ ನಾಯಿ ಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ. ಷರತ್ತೂ ಹಾಕೋ ಹಾಗಿಲ್ಲ.

ಕರಾರುಪತ್ರ
ಇದು ಅರ್ಧ ಸರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಮುಖ್ಯವಾಗಿ ಅಪಾರ್ಟ್‌ಮೆಂಟ್ ಸಂಘಗಳನ್ನ ಉದ್ದೇಶಿಸಿದ್ದು. ಬಹುಮತ ಇದ್ದರೂ ಸಂಘ ನಾಯಿ ಸಾಕೋದನ್ನ ನಿಷೇಧಿಸೋ ಹಾಗಿಲ್ಲ, ಲಿಫ್ಟ್ ಬಳಸಬೇಡಿ ಅನ್ನೋ ಹಾಗಿಲ್ಲ, ನಾಯಿ ಇದೆ ಅಂತ ವಿಶೇಷ ಶುಲ್ಕ ಹಾಕೋ ಹಾಗಿಲ್ಲ. ಮಾಲೀಕ ಮತ್ತು ಬಾಡಿಗೆದಾರರ ನಡುವೆ ಇರೋದು ಕರಾರು. ಮನೆಯ ನೆಲ, ಬಾಗಿಲು, ಡೆಪಾಸಿಟ್ ಬಗ್ಗೆ ಇಬ್ಬರೂ ಒಪ್ಪಿ ಷರತ್ತು ಬರೆದುಕೊಳ್ಳೋದಕ್ಕೆ ಅಡ್ಡಿ ಇಲ್ಲ.

ಹಾಸನದವರೇ, ಹಾಗಾಗಿ ನಿಮ್ಮ ಪತ್ರದಲ್ಲಿ ಸಂಘದ ಪರವಾಗಿ ಏನೂ ಬರೆಯಬೇಡಿ. "ಲಿಫ್ಟಲ್ಲಿ ಕರ್ಕೊಂಡು ಹೋಗಬೇಡಿ", "ಬಾಯಿಗೆ ಕುಕ್ಕೆ ಹಾಕಿ" ಅಂತೆಲ್ಲ ಸೇರಿಸಿದರೆ ನೀವೇ ತಪ್ಪು ಜಾಗಕ್ಕೆ ಕಾಲಿಟ್ಟ ಹಾಗೆ. ಮನೆಯಿಂದ ಹೊರಗೆ ಬೆಲ್ಟ್ ಹಾಕಿರಲಿ, ಗಲೀಜು ಮಾಡಿದ್ದನ್ನ ಎತ್ತಿ ಹಾಕಲಿ. ಅಷ್ಟು ಸಾಕು.

ಬನ್ನೇರುಘಟ್ಟ_ಬಿಎಂ
ನಾಟಿ ನಾಯಿ ಅಂದ್ರೆ ತೊಂದರೆ ಇಲ್ಲ. ರಾಟ್‌ವೈಲರ್, ಪಿಟ್‌ಬುಲ್ ಥರದ್ದು ಬ್ಯಾನ್ ಆಗಿದೆ ಅಲ್ವಾ, ಅದನ್ನೂ ಒಂದು ಸಾಲು ಸೇರಿಸಿ.

ಕರಾರುಪತ್ರ
23 ತಳಿಗಳ ಬಗ್ಗೆ ಕೇಂದ್ರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲೇ ಅದನ್ನ ರದ್ದು ಮಾಡ್ತು. ಇಲ್ಲಿ ಕೇಳಿರೋದು ಚುಕ್ಕಿ ಒಬ್ಬಳ ಬಗ್ಗೆ, ತಳಿ ಪಟ್ಟಿ ಯಾಕೆ? ಹಾಗೆ ನೋಡಿದ್ರೆ ಪತ್ರದಲ್ಲಿ ಸರಿಹೋಗಬೇಕಾದ ಮೊದಲ ಮಾತೇ ಅದು. "ನಾಯಿ ಸಾಕಲು" ಅಂತ ಬರೆದರೆ ಎಷ್ಟು ನಾಯಿ, ಯಾವ ನಾಯಿ ಅನ್ನೋದೇ ಗೊತ್ತಾಗಲ್ಲ. ನಾಳೆ ಇನ್ನೆರಡು ಬಂದರೂ ಅನುಮತಿ ಇದೆ ಅನ್ನಬಹುದು. "ಚುಕ್ಕಿ ಎಂಬ, ಸುಮಾರು 2 ವರ್ಷದ, ಸಂತಾನಹರಣ ಚಿಕಿತ್ಸೆ ಆಗಿರುವ ಹೆಣ್ಣು ನಾಯಿ" ಅಂತ ಬರೆದು ಒಂದು ಫೋಟೋ ಲಗತ್ತಿಸಿ. ಇನ್ನೊಂದು ನಾಯಿ ತರೋದಾದ್ರೆ ಮತ್ತೆ ಕೇಳಲಿ.

ಶಾರದಕ್ಕ
ಹೆಸರು ಬರೆದರೆ ಇನ್ನೊಂದು ಅನುಕೂಲ. "ನಾಯಿಯನ್ನು ತೆಗೆಯಬೇಕು" ಅನ್ನೋಕೆ ಕೈ ಬರುತ್ತೆ, "ಚುಕ್ಕಿಯನ್ನು ತೆಗೆಯಬೇಕು" ಅನ್ನೋಕೆ ಬರಲ್ಲ. ಪತ್ರ ತಾನಾಗೇ ಮೆತ್ತಗಾಗುತ್ತೆ.

ನೆಲಹಾಸು_ಕೆಲಸ
ನಾನು ಫ್ಲೋರಿಂಗ್ ಕೆಲಸದವನು. "ಮನೆ ಹಾಳಾಗಬಾರದು" ಅನ್ನೋ ಸಾಲಿನ ಬಗ್ಗೆ ಮಾತ್ರ ಹೇಳ್ತೀನಿ. ನಿಮ್ಮ ಮನೇಲಿ ನಿಜವಾಗಿ ಅಪಾಯ ಇರೋದು ಒಂದೇ ಜಾಗಕ್ಕೆ, ಆ ಲ್ಯಾಮಿನೇಟ್ ರೂಮಿಗೆ.

ಟೈಲ್ಸ್ ಮೇಲೆ ಉಚ್ಚೆ ಬಿದ್ದರೆ ಒರೆಸಿದ್ರೆ ಹೋಗುತ್ತೆ. ಹೀರೋದು ಸಂದಿನ ಸಿಮೆಂಟು ಮಾತ್ರ, ಅದನ್ನ ಕೆರೆದು ಮತ್ತೆ ತುಂಬಿಸಬಹುದು. ಲ್ಯಾಮಿನೇಟ್ ಹಾಗಲ್ಲ. ಮೇಲಿನ ಪದರ ಗಟ್ಟಿ, ಉಗುರಿನ ಗೀರು ಅಷ್ಟಾಗಿ ಬೀಳಲ್ಲ. ಒಳಗಿರೋದು ಒತ್ತಿದ ಮರದ ಪುಡಿ. ಎರಡು ಹಲಗೆ ಸೇರೋ ಸಂದಿಯಿಂದ ನೀರು ಒಳಗೆ ಇಳಿದರೆ ಆ ಪುಡಿ ಊದಿಕೊಳ್ಳುತ್ತೆ, ಅಂಚು ಮೇಲಕ್ಕೆ ಏಳುತ್ತೆ. ಒಣಗಿದ ಮೇಲೂ ಕೆಳಗಿಳಿಯಲ್ಲ. ಒಂದು ಸಲ ತಕ್ಷಣ ಒರೆಸಿದರೆ ಏನೂ ಆಗಲ್ಲ. ಮಧ್ಯಾಹ್ನ ಮನೇಲಿ ಯಾರೂ ಇಲ್ಲದಾಗ ಬಿದ್ದು ಸಂಜೆವರೆಗೆ ನಿಂತರೆ ಕೆಲಸ ಕೆಡುತ್ತೆ. ಹೊಸ ಮನೆಗೆ ಬಂದ ನಾಯಿ, ಬೇರೆ ಕಡೆ ಅಭ್ಯಾಸ ಇದ್ದರೂ ಮೊದಲ ಎರಡು ಮೂರು ವಾರ ತಪ್ಪೋದು ಸಾಮಾನ್ಯ.

ಹಾಗಾಗಿ "ಮನೆ ಹಾಳಾಗಬಾರದು" ಬದಲು "ದೊಡ್ಡ ಬೆಡ್‌ರೂಮಿಗೆ ಮರದ ನೆಲ ಇರೋದ್ರಿಂದ ಚುಕ್ಕಿಯನ್ನ ಆ ರೂಮಲ್ಲಿ ಒಂಟಿಯಾಗಿ ಬಿಡಬೇಡಿ, ಹೊರಗೆ ಹೋಗುವಾಗ ಬಾಗಿಲು ಹಾಕಿ" ಅಂತ ಬರೀರಿ. ಏನು ಮಾಡಬೇಕು ಅಂತ ಅವರಿಗೂ ಗೊತ್ತಾಗುತ್ತೆ.

ಮಲ್ಲೇಶ್ವರ_13
ಅದರ ಮೇಲೆ ವಿನೈಲ್ ಶೀಟ್ ಹಾಸಿಸಿಬಿಟ್ರೆ ಮುಗೀತಲ್ಲ? ಅಂಗಡೀಲಿ ರೋಲ್ ಲೆಕ್ಕದಲ್ಲಿ ಸಿಗುತ್ತೆ.

ನೆಲಹಾಸು_ಕೆಲಸ
ಬೇಡ ಸಾರ್. ಶೀಟಿನ ಅಂಚಿಂದ ಒಳಗೆ ಹೋಗಿದ್ದು ಆರೋಕೆ ದಾರಿ ಇರಲ್ಲ. ಮೇಲೆ ನೋಡೋಕೆ ಚೆನ್ನಾಗೇ ಇರುತ್ತೆ, ಎತ್ತಿ ನೋಡಿದಾಗ ಕೆಳಗೆ ಕಪ್ಪಾಗಿ ಊದಿರುತ್ತೆ. ಎತ್ತಿ ಒಗೆಯೋ ಮ್ಯಾಟ್ ವಾಸಿ.

ಮನೆಮದ್ದು
ಉಚ್ಚೆ ವಾಸನೆಗೆ ವಿನೆಗರ್ ಮತ್ತೆ ಅಡುಗೆ ಸೋಡಾ ಕಲಸಿ ಹಾಕಿ, ಆಮೇಲೆ ಫಿನಾಯಿಲ್‌ನಲ್ಲಿ ಒರೆಸಿ ಅಂತ ಪತ್ರದಲ್ಲೇ ಬರೀರಿ. ನೂರಕ್ಕೆ ನೂರು ಹೋಗುತ್ತೆ.

ಡಾಗ್‌ಟ್ರೈನರ್_ಮೈಸೂರು
ಎರಡೂ ಕಲಸಿದ್ರೆ ನೊರೆ ಬರುತ್ತೆ, ಒಂದರ ಶಕ್ತಿಯನ್ನ ಇನ್ನೊಂದು ಕಳೆಯುತ್ತೆ, ಕೊನೆಗೆ ಉಳಿಯೋದು ಹೆಚ್ಚುಕಮ್ಮಿ ಉಪ್ಪು ನೀರು. ಮಾರ್ಬಲ್ ಇದ್ದ ಕಡೆ ಬರೀ ವಿನೆಗರ್ ಹಾಕಿದರೂ ಹೊಳಪು ಹೋಗಿ ಬಿಳಿ ಕಲೆ ಬೀಳುತ್ತೆ. ಇನ್ನು ಫಿನಾಯಿಲ್ ವಾಸನೆ ಮುಚ್ಚುತ್ತೆ ಅಷ್ಟೇ, ತೆಗೆಯಲ್ಲ. ನಮ್ಮ ಮೂಗಿಗೆ ಹೋಯ್ತು ಅನ್ನಿಸುತ್ತೆ, ನಾಯಿ ಮೂಗಿಗೆ ಹೋಗಿರಲ್ಲ. ಅದಕ್ಕೇ ಮತ್ತೆ ಅದೇ ಮೂಲೆಗೆ ಹೋಗಿ ಮಾಡುತ್ತೆ.

ಪೆಟ್ ಅಂಗಡೀಲಿ ಎನ್‌ಜೈಮ್ ಕ್ಲೀನರ್ ಸಿಗುತ್ತೆ. ಮೊದಲು ಬಟ್ಟೆಯಿಂದ ಒತ್ತಿ ಹೀರಿಸಿ, ಆಮೇಲೆ ಅದನ್ನ ಹಾಕಿ 10-15 ನಿಮಿಷ ಒದ್ದೆಯಾಗಿ ಬಿಟ್ಟು ಒರೆಸಬೇಕು. ಹಾಕಿದ ಕೂಡಲೇ ಒರೆಸಿದ್ರೆ ಕೆಲಸ ಮಾಡಲ್ಲ, ಫಿನಾಯಿಲ್ ಜೊತೆ ಬೆರೆಸಿದ್ರೂ ಮಾಡಲ್ಲ. ಹಾಗೆ ನೆನೆಯೋಕೆ ಬಿಡೋದು ಟೈಲ್ಸ್ ಮೇಲೆ ಮಾತ್ರ. ಲ್ಯಾಮಿನೇಟ್ ಮೇಲೆ ಬಟ್ಟೆಗೆ ಹಾಕಿಕೊಂಡು ಒರೆಸಿ, ತಕ್ಷಣ ಒಣಗಿಸಿ. ಆದ್ರೆ ಇದೆಲ್ಲ ಅನುಮತಿ ಪತ್ರದಲ್ಲಿ ಬೇಡ, ಬಾಯಲ್ಲಿ ಹೇಳಿದ್ರೆ ಸಾಕು.

ಎರಡನೇಮಹಡಿ
ಕೆಳಗಿನ ಮನೆಯವರ ಪರವಾಗಿ ಒಂದು ಮಾತು. ಬಾಲ್ಕನಿ ಬಗ್ಗೆ ಖಂಡಿತ ಬರೀರಿ. ನಾಯಿ ಬಾಲ್ಕನೀಲಿ ಮಾಡುತ್ತೆ, ಬೆಳಿಗ್ಗೆ ಎರಡು ಬಕೆಟ್ ನೀರು ಹೊಯ್ತಾರೆ, ಆ ನೀರು ಕೆಳಗೆ ಒಣಗಿಸಿದ ಬಟ್ಟೆ ಮೇಲೆ. ನಮ್ಮ ಬಿಲ್ಡಿಂಗಲ್ಲಿ ನಾಯಿ ಜಗಳ ಅಂದ್ರೆ ಮುಕ್ಕಾಲು ಪಾಲು ಇದೇ. ಬೊಗಳೋದಲ್ಲ.

ಡಾಗ್‌ಟ್ರೈನರ್_ಮೈಸೂರು
ಒಳ್ಳೇ ಮಾತು. ಜೊತೆಗೆ ಆ ನೀರು ಎಲ್ಲಿಗೆ ಹೋಗುತ್ತೆ ಅಂತಲೂ ನೋಡಿ. ಎಷ್ಟೋ ಕಡೆ ಬಾಲ್ಕನಿ ತೂತು ಮಳೆನೀರಿನ ಪೈಪಿಗೇ ಸೇರಿರುತ್ತೆ, ಆ ಪೈಪು ಇಂಗುಗುಂಡಿಗೋ ಸಂಪಿಗೋ ಹೋಗುತ್ತೆ. "ಬಾಲ್ಕನಿಯನ್ನ ಚುಕ್ಕಿಯ ಶೌಚಕ್ಕೆ ಬಳಸಬೇಡಿ, ಅಕಸ್ಮಾತ್ ಆದರೆ ನೀರು ಹೊಯ್ಯದೆ ಬಟ್ಟೆಯಿಂದ ಒರೆಸಿ" ಅಂತ ಬರೀರಿ. ಅಲ್ಲೇ ನಾಯಿ ಕಟ್ಟಿಹಾಕಿ ಹೋಗೋದೂ ಬೇಡ. ಬಿಸಿಲಿಗೆ ಅದಕ್ಕೂ ಕಷ್ಟ, ರಸ್ತೆ ನೋಡ್ತಾ ಬೊಗಳೋದೂ ಅಲ್ಲೇ ಜಾಸ್ತಿ.

ಬೀದಿನಾಯಿ_ಬಳಗ
ನಾಯಿಗೆ ಅನ್ನ ಹಾಕೋದಕ್ಕೆ ಯಾರ ಅನುಮತಿ ಯಾಕೆ ಬೇಕು? 2023ರ ನಿಯಮ ಓದಿ ಮೊದಲು.

ಶಾರದಕ್ಕ
ಇದು ಬೀದಿ ನಾಯಿಗೆ ಊಟ ಹಾಕೋ ವಿಷಯ ಅಲ್ಲಪ್ಪ, ಮನೆಯೊಳಗೆ ಸಾಕೋದು. ಮೇಲಿಂದ ಓದು.

ಹಾಸನದ_ಮಾಲೀಕ
ಎಲ್ಲರಿಗೂ ಧನ್ಯವಾದ. ಡೆಪಾಸಿಟ್ ಬಗ್ಗೆ ಯಾರೂ ಹೇಳಲಿಲ್ಲ. 20,000 ಜಾಸ್ತಿ ಆಯ್ತಾ? ಈಗ 1,50,000 ಇದೆ ನನ್ನ ಹತ್ರ.

ಕರಾರುಪತ್ರ
ಕರಾರು ನಡೀತಾ ಇರುವಾಗ ಡೆಪಾಸಿಟ್ ಜಾಸ್ತಿ ಮಾಡೋಕೆ ಅವರೂ ಒಪ್ಪಬೇಕು. ನಾಯಿಗೋಸ್ಕರ ಒಪ್ಪಬಹುದು. ಆದ್ರೆ ಒಂದೂವರೆ ಲಕ್ಷ ಕೈಯಲ್ಲಿರುವಾಗ ಇನ್ನೂ 20,000 ಯಾಕೆ ಅನ್ನೋ ಪ್ರಶ್ನೆಗೆ ನಿಮ್ಮ ಹತ್ರ ಉತ್ತರ ಇರಬೇಕು. ಒಂದು ರೂಮಿನ ನೆಲ ಪೂರ್ತಿ ಹೋದರೂ ಇರೋ ಡೆಪಾಸಿಟ್ಟಲ್ಲೇ ಆಗಿ ಉಳಿಯುತ್ತೆ.

ದುಡ್ಡಿಗಿಂತ ಮುಖ್ಯ, ಹಾನಿಯಾದ್ರೆ ಲೆಕ್ಕ ಹೇಗೆ ಅಂತ ಈಗಲೇ ಒಪ್ಪಿಕೊಳ್ಳೋದು. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಸಹಜ ಸವಕಳಿ ಬಿಟ್ಟು ಉಳಿದಂತೆ ಮನೆಯನ್ನ ಕೊಟ್ಟ ಸ್ಥಿತಿಯಲ್ಲೇ ವಾಪಸ್ ಕೊಡೋದು ಬಾಡಿಗೆದಾರರ ಹೊಣೆ. ಸಹಜ ಸವಕಳಿ ಬಿಟ್ಟು ಅನ್ನೋದು ನೆನಪಿರಲಿ. ಐದು ವರ್ಷ ಹಳೇ ನೆಲಕ್ಕೆ ಹೊಸ ನೆಲದ ದುಡ್ಡು ಕೇಳಿದ್ರೆ ನ್ಯಾಯ ಅಲ್ಲ.

ಹಾಗೇ "ಷರತ್ತು ಮುರಿದರೆ 10,000 ದಂಡ" ಅಂತ ಬರೆಯೋ ಆಸೆ ಆಗುತ್ತೆ. ಬರೆದರೂ ಪೂರ್ತಿ ಸಿಗುತ್ತೆ ಅಂತಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ಎಷ್ಟು ಸಮಂಜಸವೋ ಅಷ್ಟೇ ಪರಿಹಾರ.

ನೆಲಹಾಸು_ಕೆಲಸ
ಲೆಕ್ಕ ಒಂದು ಮಾಡಿ ತೋರಿಸ್ತೀನಿ. ಬಾಗಿಲ ಹತ್ರ 24 ಚದರಡಿ ಊದಿದೆ ಅಂತಿಟ್ಕೊಳ್ಳಿ. ಹಲಗೆ ಚದರಡಿಗೆ 150 ಅಂದ್ರೆ 3,600. ಕೂಲಿ 1,500. ಒಟ್ಟು 5,100. ನೆಲದ ಬಾಳಿಕೆ ಹತ್ತು ವರ್ಷ ಅಂತ ಇಬ್ಬರೂ ಒಪ್ಪಿದ್ರೆ, ಐದು ವರ್ಷ ಆಗಲೇ ಸವೆದಿದೆ, ಹಲಗೆಯಲ್ಲಿ ಅರ್ಧ ನಿಮ್ಮದು. ಅವರ ಪಾಲು 1,800 ಮತ್ತು ಕೂಲಿ 1,500, ಅಂದ್ರೆ 3,300. ರೇಟು ಆಗಿನ ಬಿಲ್ ಪ್ರಕಾರ ಬದಲಾಗಲಿ, ವಿಧಾನ ಇದೇ ಇರಲಿ. ಅದೇ ಡಿಸೈನ್ ಈಗ ಸಿಗದೇ ಹೋಗಬಹುದು, ಆಗ ಇಡೀ ರೂಮ್ ಬದಲಿಸೋ ಖರ್ಚು ಯಾರದ್ದು ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮನೇಲಿ ಉಳಿದ ಹಲಗೆ ನಾಲ್ಕಾರು ಇದ್ರೆ ಜೋಪಾನ ಮಾಡಿ.

ಮಲ್ಲೇಶ್ವರ_13
ಇಡೀ ರೂಮಿನ ಖರ್ಚು ಬಾಡಿಗೆದಾರರದ್ದೇ. ಮಧ್ಯೆ ಬೇರೆ ಬಣ್ಣದ ತೇಪೆ ಇಟ್ಕೊಂಡು ಮುಂದಿನವರಿಗೆ ಮನೆ ಹೇಗೆ ತೋರಿಸ್ತಾರೆ?

ಶಾರದಕ್ಕ
24 ಅಡಿ ಹಾಳಾಗಿದ್ದಕ್ಕೆ 130 ಅಡಿ ಕಟ್ಟಿಸ್ತೀರಾ? ಒಪ್ಪಲ್ಲ.

ಕರಾರುಪತ್ರ
ಇದನ್ನ ಇಲ್ಲಿ ತೀರ್ಮಾನ ಮಾಡೋಕಾಗಲ್ಲ. ಚುಕ್ಕಿ ಬರೋಕೆ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳೋದು ಮಾತ್ರ ತಪ್ಪಿಸಬೇಡಿ. ಇಬ್ಬರೂ ಎದುರಿಗಿದ್ದು ತೆಗೆಯಿರಿ, ಅದೇ ದಿನ ಒಂದೇ ವಾಟ್ಸಾಪ್ ಚಾಟಲ್ಲಿ ಹಾಕಿ.

ನೆಲಹಾಸು_ಕೆಲಸ
ಫೋಟೋ ತೆಗೆಯೋ ರೀತಿ ಹೇಳ್ತೀನಿ. ನಿಂತು ಮೇಲಿಂದ ತೆಗೆದ್ರೆ ಊದಿದ್ದು ಕಾಣಲ್ಲ. ಲೈಟ್ ಆರಿಸಿ, ಟಾರ್ಚನ್ನ ನೆಲಕ್ಕೆ ತಾಗಿಸಿ ಮಲಗಿಸಿಡಿ. ಬೆಳಕು ನೆಲದ ಮೇಲೇ ಹರಿದು ಹೋಗುತ್ತೆ. ಎಲ್ಲಿ ಅಂಚು ಕೂದಲೆಳೆಯಷ್ಟು ಎದ್ದಿದ್ರೂ ಅದರ ಹಿಂದೆ ಕಪ್ಪು ಗೆರೆ ಬೀಳುತ್ತೆ. ಆಮೇಲೆ ಅಂಗೈ ಆಡಿಸಿ ನೋಡಿ, ಸಂದಿ ಕೈಗೆ ತಗುಲಬಾರದು. ಐದು ವರ್ಷದ ನೆಲದಲ್ಲಿ ಕಿಟಕಿ ಪಕ್ಕ, ಬಾತ್‌ರೂಮ್ ಬಾಗಿಲ ಪಕ್ಕ ಈಗಾಗಲೇ ಎರಡು ಗೆರೆ ಇದ್ದೇ ಇರುತ್ತೆ. ಅದು ಚುಕ್ಕಿ ಲೆಕ್ಕಕ್ಕೆ ಬರಬಾರದು. ಬಾಗಿಲ ಚೌಕಟ್ಟು ಮತ್ತೆ ಸೊಳ್ಳೆ ಜಾಲರಿ ಬಾಗಿಲಿನ ಕೆಳಗಿನ ಎರಡು ಅಡಿಯನ್ನೂ ತೆಗೆಯಿರಿ, ಕೆರೆಯೋದು ಅಲ್ಲೇ.

ಹಾಸನದ_ಮಾಲೀಕ
ಇದು ಬಹಳ ಉಪಯೋಗ ಆಯ್ತು. ಭಾನುವಾರ ಹೋಗಿ ಮಾಡಿಬರ್ತೀನಿ. ಇನ್ನು "ದೂರು ಬಂದರೆ ತಕ್ಷಣ ತೆಗೆಯಬೇಕು" ಅನ್ನೋದನ್ನ ಏನು ಮಾಡ್ಲಿ? ಅದಿಲ್ಲದೆ ಹೋದ್ರೆ ನನ್ನ ಹಿಡಿತ ಏನೂ ಇರಲ್ಲ ಅನ್ನಿಸುತ್ತೆ.

ಡಾಗ್‌ಟ್ರೈನರ್_ಮೈಸೂರು
ತಕ್ಷಣ ಎಲ್ಲಿಗೆ ತೆಗೀತಾರೆ ಹೇಳಿ? ಗಾಬರಿಯಲ್ಲಿ ಯಾವುದೋ ಬೀದಿಗೆ ಬಿಟ್ಟರೆ ಅದು ಅನ್ನ ನೀರಿಲ್ಲದೆ ಸಾಯುತ್ತೆ. ಮನೆಯಲ್ಲಿ ಬೆಳೆದ ನಾಯಿ ಬೀದಿಯಲ್ಲಿ ಉಳಿಯೋದು ಕಷ್ಟ.

ಕರಾರುಪತ್ರ
ಹಾಗೆ ಬಿಟ್ಟುಹೋಗೋದು ಪ್ರಾಣಿಹಿಂಸೆ ತಡೆ ಕಾಯ್ದೆ 1960ರ 11ನೇ ಕಲಮಿನಡಿ ಅಪರಾಧವೂ ಹೌದು. ಅದಕ್ಕೆ ದೂಡೋ ಸಾಲು ನಿಮ್ಮ ಪತ್ರದಲ್ಲಿ ಇರಬಾರದು. ಬದಲು ಹೀಗೆ ಬರೀರಿ: ತೊಂದರೆ ಬಂದರೆ ಏನಾಯ್ತು, ಯಾವತ್ತು ಅಂತ ಬರಹದಲ್ಲಿ ತಿಳಿಸ್ತೀನಿ. 15 ದಿನದಲ್ಲಿ ಸರಿಪಡಿಸಿ. ಅದೇ ತೊಂದರೆ ಮತ್ತೆ ಆದರೆ ಕೂತು ಮಾತಾಡೋಣ, ದಾರಿ ಕಾಣದಿದ್ದರೆ ಕರಾರಿನಲ್ಲಿರೋ ನೋಟಿಸ್ ಅವಧಿ ಪ್ರಕಾರ ನಡ್ಕೊಳ್ಳೋಣ. ಹಿಡಿತ ಬೇಕು ಅಂದ್ರಲ್ಲ, ಅದು ಆ ನೋಟಿಸ್ ಅವಧಿಯಲ್ಲೇ ಇದೆ.

ಮಲ್ಲೇಶ್ವರ_13
ಅಂದ್ರೆ ನಾಯಿ ಅನುಮತಿ ವಾಪಸ್ ತಗೊಳ್ಳೋಕೆ ಆಗಲ್ಲ, ಮನೆಯನ್ನೇ ಖಾಲಿ ಮಾಡಿಸಬೇಕು. ಇದಕ್ಕೆ ಅನುಮತಿ ಅಂತ ಯಾಕೆ ಕರೀಬೇಕು?

ಕರಾರುಪತ್ರ
ನಿಮ್ಮ ಆಕ್ಷೇಪ ಅರ್ಥ ಆಗುತ್ತೆ. ಕೊಡೋ ಮುಂಚೆ ಯೋಚಿಸಬೇಕಾದ ಅನುಮತಿ ಇದು. ಅದಕ್ಕೇ ಒಪ್ಪೋ ಮೊದಲು ಒಂದು ಸಲ ನಾಯಿ ನೋಡಿ ಬನ್ನಿ ಅಂತ ನಾನು ಹೇಳೋದು.

ಪಶುವೈದ್ಯರ_ಮಗಳು
ಲಸಿಕೆ ಬಗ್ಗೆ "ಲಸಿಕೆ ಹಾಕಿಸಬೇಕು" ಅಂತ ಬಿಡಬೇಡಿ. ಲಸಿಕೆ ಪುಸ್ತಕದ ಆ ಪುಟದ ಫೋಟೋ ಕೇಳಿ. ಸರಿಯಾಗಿ ಹಾಕಿಸಿದ್ರೆ ಪ್ರತಿ ಡೋಸ್ ಎದುರು ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ವೈದ್ಯರ ಸಹಿ, ನೋಂದಣಿ ಸಂಖ್ಯೆ, ಮುಂದಿನ ತಾರೀಖು ಇರುತ್ತೆ. ಬರೀ ಪೆನ್ನಲ್ಲಿ ತಾರೀಖು ಬರೆದಿದ್ರೆ ಆ ವೈದ್ಯರನ್ನ ಒಮ್ಮೆ ವಿಚಾರಿಸಬೇಕು. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ. ಪಾಲಿಕೆ ಲೈಸೆನ್ಸ್‌ಗೂ ಇದೇ ಕಾಗದ ಬೇಕು.

ಬೆಕ್ಕಿನಮನೆ
ಬೆಕ್ಕಿಗೂ ಇದೇ ಪತ್ರ ನಡೆಯುತ್ತಾ? ನಮ್ಮ ಮಾಲೀಕರಿಗೆ ಕಳಿಸೋಣ ಅಂತ.

ನೆಲಹಾಸು_ಕೆಲಸ
ಬಾಲ್ಕನಿ ಸಾಲು ತೆಗೆದು ಬಲೆ ಹಾಕಿಸೋ ಸಾಲು ಸೇರಿಸಿ. ಗೋಡೆಗೆ ಡ್ರಿಲ್ ಮಾಡೋಕೆ ಬೇರೆ ಅನುಮತಿ ಬೇಕಾಗುತ್ತೆ.

ಹಾಸನದ_ಮಾಲೀಕ
ಹೆಚ್ಚುವರಿ ಡೆಪಾಸಿಟ್ ಕೈಬಿಟ್ಟೆ. ಈಗ ಹೀಗಿದೆ, ನೋಡಿ:

"ನಮಸ್ಕಾರ ಕಣಮ್ಮ. ತರುವ ಮೊದಲೇ ಕೇಳಿದ್ದಕ್ಕೆ ಸಂತೋಷ. ಚುಕ್ಕಿಯನ್ನು (ಸುಮಾರು 2 ವರ್ಷ, ಹೆಣ್ಣು, ಸಂತಾನಹರಣ ಆಗಿರುವುದು, ಫೋಟೋ ಲಗತ್ತಿಸಿದೆ) ನಮ್ಮ ಮನೆಯಲ್ಲಿ ಸಾಕಲು ನಮ್ಮ ಒಪ್ಪಿಗೆ ಇದೆ. ಕರಾರು ನವೀಕರಿಸಿದರೂ ಈ ಒಪ್ಪಿಗೆ ಮುಂದುವರಿಯುತ್ತದೆ. ಇನ್ನೊಂದು ಪ್ರಾಣಿ ತರುವುದಾದರೆ ಮತ್ತೆ ಕೇಳಿ.

ಕೆಲವು ವಿಷಯ ಇಬ್ಬರಿಗೂ ಸ್ಪಷ್ಟ ಇರಲಿ ಅಂತ ಬರೆಯುತ್ತಿದ್ದೇನೆ. ದೊಡ್ಡ ಬೆಡ್‌ರೂಮಿನ ಮರದ ನೆಲ ನೀರು ನಿಂತರೆ ಊದಿಕೊಳ್ಳುತ್ತದೆ. ಚುಕ್ಕಿಯನ್ನು ಅಲ್ಲಿ ಒಂಟಿಯಾಗಿ ಬಿಡಬೇಡಿ, ಹೊರಗೆ ಹೋಗುವಾಗ ಆ ಬಾಗಿಲು ಹಾಕಿರಿ. ಬಾಲ್ಕನಿಯ ನೀರು ಕೆಳಗಿನ ಮನೆಗೆ ಬೀಳುವುದರಿಂದ ಅದನ್ನು ಅವಳ ಶೌಚಕ್ಕೆ ಬಳಸಬೇಡಿ, ಅಲ್ಲಿ ಕಟ್ಟಿ ಹೋಗಬೇಡಿ. ಮನೆಯಿಂದ ಹೊರಗೆ ಬೆಲ್ಟ್ ಇರಲಿ, ಗಲೀಜಾದರೆ ಎತ್ತಿಬಿಡಿ. ರೇಬೀಸ್ ಲಸಿಕೆಯ ಪುಟದ ಫೋಟೋವನ್ನು ಈಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಳಿಸಿ.

ಭಾನುವಾರ ಬರುತ್ತೇನೆ, ನೆಲ ಬಾಗಿಲುಗಳ ಫೋಟೋ ಇಬ್ಬರೂ ಸೇರಿ ತೆಗೆಯೋಣ. ಚುಕ್ಕಿಯಿಂದ ಹಾನಿಯಾದರೆ ರಿಪೇರಿ ಬಿಲ್ಲಿನಲ್ಲಿ ಹಳೆಯ ಸವಕಳಿ ಕಳೆದು ಉಳಿದದ್ದು ಮಾತ್ರ ನಿಮ್ಮದು. ತೊಂದರೆ ಏನಾದರೂ ಬಂದರೆ ಬರೆದು ತಿಳಿಸುತ್ತೇನೆ, 15 ದಿನದಲ್ಲಿ ಸರಿಪಡಿಸಿ. ಅದೇ ಮತ್ತೆ ಆದರೆ ಕೂತು ಮಾತಾಡೋಣ, ದಾರಿ ಕಾಣದಿದ್ದರೆ ಕರಾರಿನ ನೋಟಿಸ್ ಅವಧಿಯಂತೆ ನಡೆಯೋಣ. ಒಪ್ಪಿಗೆಯಾದರೆ ಎರಡು ಪ್ರತಿಗೆ ಸಹಿ ಹಾಕಿ ಒಂದೊಂದು ಇಟ್ಟುಕೊಳ್ಳೋಣ."

ಶಾರದಕ್ಕ
ಪ್ರತಿ ಷರತ್ತಿಗೂ ಯಾಕೆ ಅಂತ ಹೇಳಿದೀರಿ, ಅದಕ್ಕೇ ಈಗ ಕೋಪದ ಹಾಗೆ ಕಾಣಲ್ಲ. ಚೆನ್ನಾಗಿದೆ.

ಕರಾರುಪತ್ರ
ಎರಡು ತಿದ್ದುಪಡಿ. "ಕಣಮ್ಮ" ವಾಟ್ಸಾಪಲ್ಲಿರಲಿ, ಸಹಿ ಹಾಕೋ ಪ್ರತಿಯಲ್ಲಿ ಕರಾರಿನಲ್ಲಿರೋ ಹಾಗೆ ಇಬ್ಬರ ಪೂರ್ತಿ ಹೆಸರು, ಕರಾರಿನ ತಾರೀಖು ಬರೀರಿ. ಸವಕಳಿಗೆ ನೆಲ ಹಾಕಿಸಿದ ವರ್ಷ ಮತ್ತು ಹತ್ತು ವರ್ಷದ ಬಾಳಿಕೆ ಅನ್ನೋದನ್ನೂ ಅಂಕಿಯಲ್ಲಿ ಸೇರಿಸಿ, ಇಲ್ಲಾಂದ್ರೆ ಮನೆ ಬಿಡುವಾಗ ಅಲ್ಲೇ ಮಾತು ಬೆಳೆಯುತ್ತೆ.

ಮಲ್ಲೇಶ್ವರ_13
ನಾನಾಗಿದ್ರೆ ಡೆಪಾಸಿಟ್ ಬಿಡ್ತಿರಲಿಲ್ಲ. 10,000 ಆದ್ರೂ.

ಹಾಸನದ_ಮಾಲೀಕ
ಎರಡೂ ತಿದ್ದಿ ಕಳಿಸಿದೆ. "ಥ್ಯಾಂಕ್ಯೂ ಅಂಕಲ್, ಭಾನುವಾರ ಊಟಕ್ಕೂ ಇಲ್ಲೇ ಇರಿ" ಅಂತ ಬಂತು. ಲಸಿಕೆ ಪುಟದ ಫೋಟೋನೂ ಕಳಿಸಿದ್ದಾಳೆ, ಚೀಟಿ ಅಂಟಿಸಿದೆ. ಆದ್ರೆ ಮುಂದಿನ ತಾರೀಖು ಹೋದ ತಿಂಗಳೇ ದಾಟಿದೆ. ಮನೆಗೆ ತರೋ ಮುಂಚೆ ಹಾಕಿಸಬೇಕಾ, ಬಂದ ಮೇಲೆ ಸಾಕಾ?

ಪಶುವೈದ್ಯರ_ಮಗಳು
ತರೋ ದಾರಿಯಲ್ಲೇ ಹಾಕಿಸಿಕೊಂಡು ಬರಲಿ. ಹಾಕಿಸಿದ ದಿನ ಸ್ವಲ್ಪ ಮಂಕಾಗಿರಬಹುದು, ಸ್ನಾನ ಮಾಡಿಸೋದು ಬೇಡ ಅಂತ ಹೇಳಿ.